ಚಾರ್ಟ್ ಎಲ್ಲಿಂದ ಶುರುವಾಗುತ್ತೆ ಅಂತ ಮೊದಲು ನೋಡಿ

ಇವತ್ತಿನ ಮಾತು ಒಂದು ಸ್ಕ್ರೀನ್‌ಶಾಟ್‌ನಿಂದ ಶುರು.

2025ರ ಏಪ್ರಿಲ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಸೆನ್ಸೆಕ್ಸ್ ಚಾರ್ಟ್ ಒಂದನ್ನ ಕಳಿಸಿದಳು. ಎಡಗಡೆ ಕೆಳಗಿಂದ ಹೊರಟ ಗೆರೆ ಬಲಗಡೆ ಮೇಲಕ್ಕೆ ಹೋಗಿತ್ತು. "ಅಣ್ಣಾ, ಐದು ವರ್ಷದಲ್ಲಿ ದುಡ್ಡು ಮೂರು ಪಟ್ಟು ಆಗಿದೆ ನೋಡು. ನನ್ನ ಎಫ್‌ಡಿ ಮುರಿದು ಇದಕ್ಕೆ ಹಾಕ್ಲಾ?" ಅಂದಳು. ಆ ಎಫ್‌ಡಿ ಇದ್ದದ್ದು ಮುಂದಿನ ವರ್ಷದ ಬಿ.ಎಡ್ ಫೀಸಿಗೆ.

ಚಾರ್ಟ್‌ನಲ್ಲಿ ಸುಳ್ಳು ಇರಲಿಲ್ಲ. ಅದು 2020ರ ಮಾರ್ಚ್ 23ರಿಂದ 2025ರ ಮಾರ್ಚ್ 28ರವರೆಗಿನದು. ಸೆನ್ಸೆಕ್ಸ್ ಸುಮಾರು 25,981ರಿಂದ 77,415ಕ್ಕೆ ಹೋಗಿತ್ತು. ಒಂದು ಲಕ್ಷ ಹಾಕಿದ್ದರೆ ಹತ್ತಿರ ಹತ್ತಿರ ಮೂರು ಲಕ್ಷ, ಅಂದ್ರೆ ವರ್ಷಕ್ಕೆ ಸುಮಾರು ಶೇ 24ರ ಬೆಳವಣಿಗೆ. ಡಿವಿಡೆಂಡ್ ಲೆಕ್ಕ ಇಲ್ಲಿ ಬಿಟ್ಟಿದ್ದೀನಿ.

ನಾನು ಅವಳಿಗೆ ಕೇಳಿದ್ದು ಒಂದೇ: "ಮಾರ್ಚ್ 23 ಯಾಕೆ?"

ನೆನಪು ಮಾಡ್ಕೊಳ್ಳಿ. ಕೋವಿಡ್ ಭಯ, ಲಾಕ್‌ಡೌನ್. ಆ ಒಂದೇ ದಿನ ಸೆನ್ಸೆಕ್ಸ್ ಶೇ 13ರಷ್ಟು ಬಿದ್ದಿತ್ತು. ಆ ಕುಸಿತದ ತಳವೇ ಅವತ್ತಿನ ಮುಕ್ತಾಯದ ಅಂಕಿ.

ಈಗ ಕೊನೆಯ ದಿನಾಂಕ ಹಾಗೇ ಇರಲಿ. ಶುರುವಿನ ದಿನಾಂಕ ಮಾತ್ರ ಎರಡು ತಿಂಗಳು ಚಿಲ್ಲರೆ ಹಿಂದಕ್ಕೆ ತಳ್ಳೋಣ. 2020ರ ಜನವರಿ 14ಕ್ಕೆ ಸೆನ್ಸೆಕ್ಸ್ ಸುಮಾರು 41,952 ಇತ್ತು. ಅವತ್ತು ಹಾಕಿದ ಒಂದು ಲಕ್ಷ 1.85 ಲಕ್ಷದ ಹತ್ತಿರ ಬರುತ್ತೆ, ವರ್ಷಕ್ಕೆ ಶೇ 12.5ರ ಆಸುಪಾಸು. ಅದೇ ಮಾರುಕಟ್ಟೆ, ಅದೇ ಕೊನೆಯ ದಿನ, ಆದ್ರೆ ಬೆಳವಣಿಗೆ ಅರ್ಧ!

ಮಾರುಕಟ್ಟೆ ಮುಳುಗ್ತಿದೆ ಅಂತ ಹೆದರಿಸಬೇಕಾ? ಅದಕ್ಕೂ ದಿನಾಂಕ ಇದೆ. 2024ರ ಸೆಪ್ಟೆಂಬರ್ 26ರ 85,836ರಿಂದ ಚಾರ್ಟ್ ಶುರು ಮಾಡಿ. 77,415ಕ್ಕೆ ಬರುವಷ್ಟರಲ್ಲಿ ಶೇ 10ರಷ್ಟು ನಷ್ಟ. ಮೂರೂ ಚಾರ್ಟ್ ನಿಜ, ಮೂರೂ ಬೇರೆ ಬೇರೆ ಕಥೆ.

ಇದು ಯಾಕಾಗುತ್ತೆ? ಜನವರಿಯಿಂದ ಮಾರ್ಚ್‌ಗೆ ಸೆನ್ಸೆಕ್ಸ್ ಶೇ 38ರಷ್ಟು ಬಿತ್ತು. 100 ರೂಪಾಯಿ 62 ಆಯ್ತು ಅಂದ್ಕೊಳ್ಳಿ. ಆ 62 ಮತ್ತೆ 100 ಆಗೋಕೆ ಶೇ 61ರಷ್ಟು ಏರಬೇಕು. 2020ರ ನವೆಂಬರ್ ಹೊತ್ತಿಗೆ ಅದು ಏರಿತು. ಜನವರಿಯಲ್ಲಿ ಹಾಕಿದವನಿಗೆ ಅದು ಕಳೆದದ್ದು ವಾಪಸ್ ಬಂದದ್ದು ಅಷ್ಟೇ. ಮಾರ್ಚ್‌ನಿಂದ ಶುರುವಾಗೋ ಚಾರ್ಟ್‌ನಲ್ಲಿ ಮಾತ್ರ ಅದು ಪೂರ್ತಿ ಲಾಭ. ಬಿದ್ದದ್ದು ಚೌಕಟ್ಟಿನ ಹೊರಗೆ, ಎದ್ದದ್ದು ಒಳಗೆ.

ಯಾರೋ ಬೇಕಂತಲೇ ಮಾಡಿದ್ದು ಅಂತಾನೂ ಹೇಳೋಕಾಗಲ್ಲ. ಆ ಮಾರ್ಚ್ ಕೊನೆಯಲ್ಲಿ ಯಾವುದೇ ಆ್ಯಪ್‌ನಲ್ಲಿ '5 ವರ್ಷ' ಒತ್ತಿದ್ರೂ ಚಾರ್ಟ್ ತಾನಾಗೇ ಕೋವಿಡ್ ತಳದಿಂದ ಶುರುವಾಗ್ತಿತ್ತು. ಅಂಥ ಹೊತ್ತಲ್ಲಿ ಸುಮಾರಾದ ಫಂಡ್‌ನ ಐದು ವರ್ಷದ ಅಂಕಿಯೂ ಹೊಳೆಯುತ್ತೆ. ಕೆಲವು ತಿಂಗಳಾದ ಮೇಲೆ ಅದೇ ಅಂಕಿ ಇಳಿಯಬಹುದು. ಫಂಡ್ ಕೆಟ್ಟಿತು ಅಂತಲ್ಲ, ಶುರುವಿನ ದಿನಾಂಕ ತಳ ದಾಟಿ ಮುಂದೆ ಸರಿದಿದೆ.

ಹಾಗಾದ್ರೆ ಪರೀಕ್ಷೆ ಮಾಡೋದು ಹೇಗೆ? ಆ್ಯಪ್‌ನಲ್ಲಿ '5 ವರ್ಷ' ಬಿಟ್ಟು 'ಮ್ಯಾಕ್ಸ್' ಒತ್ತಿ. ನಿಮಗೆ ತೋರಿಸಿದ ಶುರುವಿನ ದಿನ ಗುಂಡಿಯಲ್ಲಿದೆಯಾ, ಗುಡ್ಡದ ಮೇಲಿದೆಯಾ ನೋಡಿ. ಆಮೇಲೆ ಆ ದಿನವನ್ನ ಮೂರು ತಿಂಗಳು ಹಿಂದೆ, ಮೂರು ತಿಂಗಳು ಮುಂದೆ ಜರುಗಿಸಿ. ಕಥೆ ಹೆಚ್ಚು ಬದಲಾಗದಿದ್ರೆ ಸ್ವಲ್ಪ ನಂಬಬಹುದು. ತಲೆಕೆಳಗಾದ್ರೆ ಅದು ಆ ದಿನಾಂಕದ ಕಥೆ, ಟ್ರೆಂಡ್‌ನದ್ದಲ್ಲ. ಇದನ್ನೇ ಪ್ರತಿ ತಿಂಗಳಿಂದ ಶುರು ಮಾಡಿ ಲೆಕ್ಕ ಹಾಕಿದ್ರೆ ಅದಕ್ಕೆ ರೋಲಿಂಗ್ ರಿಟರ್ನ್ ಅಂತಾರೆ. ಅದರಲ್ಲಿ ಒಂದೇ ಅಂಕಿ ಇರಲ್ಲ. ಅತಿ ಒಳ್ಳೆಯದು, ಅತಿ ಕೆಟ್ಟದ್ದು, ನಡುವಿನದು, ಮೂರೂ ಕಾಣುತ್ತೆ.

ಹಾಗಂತ ಚಿಕ್ಕ ಅವಧಿಯ ಚಾರ್ಟ್ ಎಲ್ಲಾ ಮೋಸ ಅಲ್ಲ. ಲಾಕ್‌ಡೌನ್ ಆದ್ಮೇಲೆ ಮಾರುಕಟ್ಟೆ ಎಷ್ಟು ಬೇಗ ಚೇತರಿಸ್ಕೊಂಡಿತು ಅನ್ನೋದೇ ಪ್ರಶ್ನೆ ಆದ್ರೆ ಮಾರ್ಚ್ 23 ಸರಿಯಾದ ಶುರು. ದಿನಾಂಕ ಪ್ರಶ್ನೆಯಿಂದ ಬರಬೇಕು, ಬೇಕಾದ ಉತ್ತರದಿಂದ ಅಲ್ಲ.

ನನ್ನ ತಂಗಿಯ ಪ್ರಶ್ನೆ ಐದು ವರ್ಷದ್ದೇ ಅಲ್ಲ, ಒಂದು ವರ್ಷದ್ದು. ಅವಳಿಗೆ ಹೇಳಿದೆ: "ಜನವರಿ 2020ರಲ್ಲಿ ಲಕ್ಷ ಹಾಕಿ, ಮಾರ್ಚ್‌ನಲ್ಲಿ ಫೀಸ್ ಕಟ್ಟಬೇಕಾಗಿದ್ರೆ ಕೈಗೆ 62 ಸಾವಿರ ಬರ್ತಿತ್ತು." ಅವಳು ಕಿಲಾಡಿ, "ಅಣ್ಣಾ, ಇದೂ ನೀನು ಆರಿಸಿದ ದಿನಾಂಕ ತಾನೇ?" ಅಂದಳು. ಹೌದಲ್ವಾ! ಆಮೇಲೆ ಇಬ್ಬರೂ ಕೂತು ಬೇರೆ ಬೇರೆ ತಿಂಗಳಿಂದ ಒಂದೊಂದು ವರ್ಷ ಜರುಗಿಸಿ ನೋಡಿದ್ವಿ. ಕೆಲವು ಸಲ ಭರ್ಜರಿ ಲಾಭ, ಕೆಲವು ಸಲ ನಷ್ಟ. ಎಫ್‌ಡಿ ಮುರೀಲಿಲ್ಲ.

ನಿಮಗೂ ಇಂಥ ಚಾರ್ಟ್ ಬಂದಿದ್ರೆ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಅದರ ಶುರುವಿನ ದಿನಾಂಕ ಜರುಗಿಸಿ ನೋಡೋಣ. ಸಿಗೋಣ.