ಗೌರಿಯ ರಂಗೋಲಿ



ಸಮಮಿತಿಯ ಪಾಠಕ್ಕೆ ನಾವು ಸಾಮಾನ್ಯವಾಗಿ ಎಂಟು ದಳದ ತಾವರೆಯ ರಂಗೋಲಿಯನ್ನು ಉದಾಹರಿಸುತ್ತೇವೆ. ಅದು ಮಡಿಸಿದರೂ ಹೊಂದುತ್ತದೆ, ತಿರುಗಿಸಿದರೂ ಹೊಂದುತ್ತದೆ. ಅದರಿಂದಲೇ ಇವೆರಡೂ ಬೇರೆ ಬೇರೆ ಗುಣಗಳೆಂಬುದು ಮಗುವಿಗೆ ಹೊಳೆಯದೆ ಹೋಗುತ್ತದೆ. ಈ ತೊಡಕನ್ನು ಬಿಡಿಸುವುದಕ್ಕೆ ಒಂದು ಪುಟ್ಟ ಕಥೆಯನ್ನು ಹೇಳುತ್ತೇನೆ. ಕಥೆ ನಡೆಯುವುದು ತಾಳವಾಡಿ ಕಡೆಯ ಒಂದು ಹಳ್ಳಿಯಲ್ಲಿ. ಹುಡುಗಿಯನ್ನು ಗೌರಿ ಎಂದು ಕರೆಯೋಣ.

ಸಂಕ್ರಾಂತಿಯ ಬೆಳಗು. ಸಾರಿಸಿದ ಅಂಗಳದಲ್ಲಿ ಗೌರಿ ಸಾಲಿಗೆ ಐದರಂತೆ ಐದು ಸಾಲು ಚುಕ್ಕಿಯಿಟ್ಟಳು. ಬೀದಿಯ ಕಡೆ ಕುಳಿತು, ನಡುವಿನ ಚುಕ್ಕಿಯಿಂದ ಬಾಗಿಲಿನತ್ತ ಎರಡು ಚುಕ್ಕಿ ಎಳೆದು, ಅಲ್ಲಿಂದ ಬಲಕ್ಕೆ ಎರಡು ಚುಕ್ಕಿ ತಿರುಗಿಸಿ ಮೂಲೆಗೆ ಮುಟ್ಟಿಸಿದಳು. ಸ್ವಸ್ತಿಕದ ಒಂದು ತೋಳಾಯಿತು. ಬಲಗಡೆಯ ತೋಳೂ ಸರಿಯಾಗಿಯೇ ಬಂತು. ಮೂರನೆಯದು ಅವಳ ಕಡೆಗೇ ಬರಬೇಕಾದ ತೋಳು. ಅದನ್ನೂ ಅವಳು ತನ್ನ ಬಲಗೈಯ ಕಡೆಗೇ ತಿರುಗಿಸಿಬಿಟ್ಟಳು. ನಾಲ್ಕನ್ನೂ ಮುಗಿಸಿ ನೋಡಿದರೆ ಒಂದು ಮೂಲೆಯಲ್ಲಿ ಎರಡು ತೋಳು ಸೇರಿವೆ, ಇನ್ನೊಂದು ಮೂಲೆ ಬರಿದಾಗಿದೆ. ಅಷ್ಟರಲ್ಲಿ ಬಂಧುಗಳು ಬರುವ ಹೊತ್ತಾಗಿತ್ತು; ಡಬ್ಬಿಯಲ್ಲಿದ್ದ ಪುಡಿಯೂ ಸ್ವಲ್ಪವೇ.

ಜಗಲಿಯಲ್ಲಿದ್ದ ಅಜ್ಜಿ, "ಕೂತ ಜಾಗದಲ್ಲೇ ಕೂತು ಬರೀಬೇಡ ಮಗಾ, ಸುತ್ತ ಬಾ" ಎಂದರು.

ಗೌರಿ ತಪ್ಪಿದ ತೋಳನ್ನು ಅಳಿಸಿ, ಎದ್ದು ಬಾಗಿಲಿನ ಕಡೆ ಕುಳಿತಳು. ಈಗ ಆ ತೋಳು ಅವಳಿಂದ ಆಚೆಗೆ ಹೋಗುವ ತೋಳು. ಆಚೆಗೆ ಎರಡು, ಬಲಕ್ಕೆ ಎರಡು; ಬರಿದಾಗಿದ್ದ ಮೂಲೆ ತುಂಬಿತು. ಅವಳು ಉಳಿದೆರಡು ಬದಿಗಳಿಗೂ ಹೋಗಿ ಕುಳಿತು ನೋಡಿದಳು. ಎಲ್ಲಿ ಕುಳಿತರೂ ಅದೇ ಮಾತು: ಆಚೆಗೆ ಎರಡು, ಬಲಕ್ಕೆ ಎರಡು. "ಅಜ್ಜೀ, ನಾನು ಸುತ್ತಿದರೂ ಇದು ಬದಲಾಗಲೇ ಇಲ್ಲ!"

ಇಲ್ಲಿ ಕಥೆಯನ್ನು ನಿಲ್ಲಿಸಿ, ಮಕ್ಕಳಿಂದ ಅದೇ ಚಿತ್ರವನ್ನು ಚೌಕಳಿ ಹಾಳೆಯಲ್ಲಿ ಬರೆಸಿರಿ. ತೆಳು ಕಾಗದದಲ್ಲಿ ಅದರ ನಕಲು ತೆಗೆಸಿ, ನಡುವಿಗೆ ಗುಂಡುಸೂಜಿ ಚುಚ್ಚಿ ತಿರುಗಿಸಲಿ. ಕಾಲು ಸುತ್ತಿಗೊಮ್ಮೆ, ಅಂದರೆ 90 ಡಿಗ್ರಿಗೊಮ್ಮೆ, ಪೂರ್ಣ ಸುತ್ತಿನಲ್ಲಿ 4 ಬಾರಿ ಚಿತ್ರ ತನ್ನ ಮೇಲೆಯೇ ಕೂರುತ್ತದೆ. ಬಳಿಕ ಮಡಿಸಿ ನೋಡಲಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ಹೇಗೆ ಮಡಿಸಿದರೂ ಹೊಂದದು. ಆವರ್ತನ ಸಮಮಿತಿ ಎಂಬ ಪಾರಿಭಾಷಿಕ ಪದವನ್ನು ಆಗ ಕೊಡಿರಿ, ಅದಕ್ಕೆ ಮೊದಲು ಬೇಡ. ಅಲ್ಲಿಯವರೆಗೆ 'ಸುತ್ತ ಬಾ' ಎಂಬ ಮನೆಮಾತೇ ಸಾಕು. ಕಾಲು ಸುತ್ತಿಗೆ ಹೊಂದದೆ ಅರ್ಧ ಸುತ್ತಿಗೆ ಮಾತ್ರ ಹೊಂದಿದರೆ ಚುಕ್ಕಿಗಳನ್ನು ಅಳೆಯಿಸಿ. ಅಡ್ಡಸಾಲಿನ ಅಂತರವೂ ಉದ್ದಸಾಲಿನ ಅಂತರವೂ ಬೇರೆಯಾಗಿರುತ್ತವೆ. ನೆಲದ ರಂಗೋಲಿಯಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ.

ಕಥೆ ಇನ್ನೂ ಸ್ವಲ್ಪ ಉಳಿದಿದೆ. ಗೌರಿ ಎದುರುಬದುರಿನ ಎರಡು ತೋಳುಗಳಿಗೆ ಕೆಂಪು, ಉಳಿದೆರಡಕ್ಕೆ ಹಳದಿ ಬಣ್ಣ ತುಂಬಿದಳು. ಬೀದಿಯಿಂದ ಬಂದ ತಮ್ಮ ಒಂದು ಸುತ್ತು ಹಾಕಿ, "ಅಕ್ಕಾ, ಈಗ ಎರಡೇ ಕಡೆಯಿಂದ ಒಂದೇ ಥರ ಕಾಣುತ್ತದಲ್ಲ?" ಎಂದ. ಗೌರಿ ಪುಡಿಯ ಡಬ್ಬಿಯನ್ನು ಕೆಳಗಿಟ್ಟು, ಅವನ ಹಿಂದೆಯೇ ಸುತ್ತತೊಡಗಿದಳು.