ಪ್ರಾಸ್ಟೇಟ್ ಗುಳಿಗೆಯ ವಿಷಯ ಕಣ್ಣಿನ ಡಾಕ್ಟರಿಗೂ ಗೊತ್ತಿರಲಿ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾವು ಈ ದಿನ ಒಂದೇ ಒಂದು ಗುಳಿಗೆಯ ವಿಷಯ ಹೇಳಲು ನಿಂತಿದ್ದೇವೆ. ಅದರ ಹೆಸರು ಟ್ಯಾಮ್ಸುಲೋಸಿನ್. ಅರವತ್ತು ದಾಟಿದ ಗಂಡಸರಿರುವ ಅನೇಕ ಮನೆಗಳಲ್ಲಿ ಇದು ಇದೆ. ಆದರೆ ಮೂತ್ರದ ವಿಷಯವೆಂದು ಸಂಕೋಚಪಟ್ಟು ಹಿರಿಯರು ಇದರ ಮಾತೆತ್ತುವುದಿಲ್ಲ.

ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರದ ದಾರಿಯನ್ನು ಒತ್ತುತ್ತದೆ. ಧಾರೆ ಸಣ್ಣದಾಗುತ್ತದೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಟ್ಯಾಮ್ಸುಲೋಸಿನ್ ಗ್ರಂಥಿಯನ್ನು ಕರಗಿಸುವುದಿಲ್ಲ. ಗ್ರಂಥಿಯಲ್ಲೂ ಮೂತ್ರಚೀಲದ ಬಾಯಿಯಲ್ಲೂ ಬಿಗಿದುಕೊಂಡಿರುವ ಸ್ನಾಯುವನ್ನು ಸಡಿಲಿಸಿ ದಾರಿ ಬಿಡಿಸುತ್ತದೆ. ಸಾಮಾನ್ಯವಾಗಿ ಕೊಡುವುದು ದಿನಕ್ಕೊಂದು, 0.4 ಮಿ.ಗ್ರಾಂ.

ಈ 'ಸಡಿಲಿಸುವುದು' ಎಂಬ ಮಾತನ್ನು ನೆನಪಿಡಿ. ಅಂಥದೇ ಸ್ನಾಯು ರಕ್ತನಾಳಗಳ ಗೋಡೆಯಲ್ಲೂ ಇದೆ, ಕಣ್ಣಿನಲ್ಲೂ ಇದೆ. ಗುಳಿಗೆಯ ಎರಡು ತೊಂದರೆಗಳೂ ಅಲ್ಲಿಂದಲೇ ಬರುತ್ತವೆ.

ಮೊದಲನೆಯದು ತಲೆಸುತ್ತು. ನಾವು ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ರಕ್ತನಾಳಗಳು ಕೂಡಲೇ ಬಿಗಿದುಕೊಂಡು ಅದನ್ನು ಮೇಲಕ್ಕೆ ಕಳಿಸಬೇಕು. ಗುಳಿಗೆಯಿಂದ ನಾಳಗಳು ಸಡಿಲವಾಗಿದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಕಟ್ಟುತ್ತದೆ. ಗುಳಿಗೆ ಶುರುಮಾಡಿದ ಮೊದಲ ದಿನಗಳಲ್ಲಿ, ಕೆಲವು ದಿನ ಬಿಟ್ಟು ಮತ್ತೆ ಆರಂಭಿಸಿದಾಗ ಮತ್ತು ಬಿಪಿ ಮಾತ್ರೆಯೂ ಜೊತೆಗಿದ್ದಾಗ ಇದು ಹೆಚ್ಚು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಔಷಧ ರಕ್ತಕ್ಕೆ ಒಮ್ಮೆಲೇ ಹೆಚ್ಚಾಗಿ ಸೇರುತ್ತದೆ. ಆದ್ದರಿಂದ ದಿನವೂ ಒಂದೇ ಊಟದ ನಂತರ, ಸುಮಾರು ಅರ್ಧ ಗಂಟೆಗೆ, ಬಿಡಿಸದೆ, ಅಗಿಯದೆ ನುಂಗಬೇಕು. ರಾತ್ರಿ ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಆಮೇಲೆ ಗೋಡೆ ಹಿಡಿದು ನಿಲ್ಲಬೇಕು. ನಮಾಜಿನಲ್ಲಿ ಸಜ್ದಾದಿಂದ ಎದ್ದು ನಿಲ್ಲುವಾಗ ತಲೆಸುತ್ತಿದರೆ ಕುಳಿತೇ ಮಾಡಿ. ಡಾಕ್ಟರ ಹತ್ತಿರ ಹೋದಾಗ ಕುಳಿತಾಗಿನ ಬಿಪಿಯೊಂದನ್ನೇ ಅಲ್ಲ, ನಿಂತಾಗಿನದನ್ನೂ ನೋಡಲು ಹೇಳಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಔಷಧಗಳನ್ನು ಮತ್ತೆ ಹೊಂದಿಸಬೇಕಾಗಬಹುದು.

ಎರಡನೆಯದು ಕಣ್ಣು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅರವತ್ತೆಂಟು ವರ್ಷದ ಹಿರಿಯರೊಬ್ಬರು ಪೊರೆಯ ಆಪರೇಷನ್ನಿಗೆ ಹೋಗುತ್ತಾರೆ. "ಬಿಪಿ, ಶುಗರ್ ಇದೆಯಾ?" ಎಂದು ಕೇಳುತ್ತಾರೆ. "ಬಿಪಿ ಇದೆ" ಎಂದು ಆ ಮಾತ್ರೆಯನ್ನಷ್ಟೇ ತೋರಿಸುತ್ತಾರೆ. ಮೂರು ವರ್ಷ ನುಂಗಿ ಕಳೆದ ವರ್ಷ ಬಿಟ್ಟ ಪ್ರಾಸ್ಟೇಟ್ ಗುಳಿಗೆಗೂ ಕಣ್ಣಿಗೂ ಏನು ಸಂಬಂಧವೆಂದು ಸುಮ್ಮನಾಗುತ್ತಾರೆ.

ಸಂಬಂಧವಿದೆ. ಪೊರೆ ತೆಗೆಯಬೇಕಾದರೆ ಹನಿ ಹಾಕಿ ಕಣ್ಣಿನ ಪಾಪೆಯನ್ನು ದೊಡ್ಡದು ಮಾಡುತ್ತಾರೆ. ಅದರ ಸುತ್ತಲಿನ ಬಣ್ಣದ ಪರದೆ, ಅಂದರೆ ಐರಿಸ್, ಬಿಗಿಯಾಗಿ ಹಿಂದೆ ಸರಿದು ನಿಲ್ಲಬೇಕು. ಈ ಗುಳಿಗೆ ನುಂಗಿದವರಲ್ಲಿ ಆ ಪರದೆ ಗಾಳಿಗೆ ಸಿಕ್ಕ ಬಟ್ಟೆಯಂತೆ ಅಲೆಯಬಹುದು, ಕೊಯ್ದ ಜಾಗದಿಂದ ಹೊರಗೆ ನುಗ್ಗಬಹುದು, ಆಪರೇಷನ್ ನಡೆಯುತ್ತಿರುವಾಗಲೇ ಪಾಪೆ ಕಿರಿದಾಗುತ್ತ ಹೋಗಬಹುದು. ಆಗ ಐರಿಸ್ಸಿಗೋ ಪೊರೆಯ ಹಿಂದಿನ ತೆಳು ಚೀಲಕ್ಕೋ ಪೆಟ್ಟಾಗುವ ಅಪಾಯವಿದೆ. ಅಮೆರಿಕದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ ಎಂಬ ಕಣ್ಣಿನ ವೈದ್ಯರು 2005ರಲ್ಲಿ ಇದನ್ನು ಗುರುತಿಸಿ ಬರೆದರು. ಎಲ್ಲರಿಗೂ ಹೀಗಾಗುವುದಿಲ್ಲ, ಯಾರಿಗೆ ಆಗುತ್ತದೆಂದು ಮೊದಲೇ ಖಚಿತವಾಗಿ ಹೇಳಲೂ ಆಗದು.

ಮುಂಚೆಯೇ ತಿಳಿದಿದ್ದರೆ ಸರ್ಜನ್ ಸಿದ್ಧರಾಗಿರುತ್ತಾರೆ. ಪಾಪೆಯನ್ನು ಹಿಗ್ಗಿಸಿಡುವ ಔಷಧವನ್ನು ಕಣ್ಣಿನೊಳಗೇ ಹಾಕುತ್ತಾರೆ, ಬೇಕಾದರೆ ಸಣ್ಣ ಕೊಕ್ಕೆಗಳನ್ನೋ ಉಂಗುರವನ್ನೋ ಇಟ್ಟು ಐರಿಸ್ಸನ್ನು ಹಿಡಿದಿಡುತ್ತಾರೆ. ಆಗ ಆಪರೇಷನ್ ಸಾಮಾನ್ಯವಾಗಿ ಚೆನ್ನಾಗಿಯೇ ಮುಗಿಯುತ್ತದೆ.

"ಹಾಗಾದರೆ ಒಂದು ವಾರ ಗುಳಿಗೆ ನಿಲ್ಲಿಸೋಣ" ಎಂದುಕೊಳ್ಳಬೇಡಿ. ನಿಲ್ಲಿಸಿದರೂ ಕಣ್ಣಿನ ಮೇಲಿನ ಪರಿಣಾಮ ಹೋಗುತ್ತದೆಂಬ ಭರವಸೆಯಿಲ್ಲ. ಬಿಟ್ಟು ವರ್ಷಗಳಾದವರಲ್ಲೂ ಇದು ಕಂಡಿದೆ. ಅತ್ತ ಮೂತ್ರ ಕಟ್ಟಿಕೊಂಡರೆ ಇನ್ನೊಂದು ಕಷ್ಟ. ನಿಲ್ಲಿಸುವುದೂ ಬಿಡುವುದೂ ಡಾಕ್ಟರ ತೀರ್ಮಾನ. ಪೊರೆಯ ಆಪರೇಷನ್ ಆಗಲೇ ನಿಗದಿಯಾಗಿದ್ದು, ಯಾರಾದರೂ ಈ ಗುಳಿಗೆಯನ್ನು ಹೊಸದಾಗಿ ಬರೆದುಕೊಟ್ಟರೆ, ಆಪರೇಷನ್ ಮುಗಿದ ಮೇಲೆ ಆರಂಭಿಸಬಹುದೇ ಎಂದು ಕೇಳಿ. ಮೂತ್ರನಾಳದ ಕಲ್ಲಿಗೂ ಇದನ್ನು ಕೊಡುವುದುಂಟು. ಹಾಗಾಗಿ ಹೆಂಗಸರೂ ನೆನಪು ಮಾಡಿಕೊಳ್ಳಬೇಕು.

ಮಕ್ಕಳೇ, ಇಲ್ಲಿ ನಿಮಗೊಂದು ಕೆಲಸವಿದೆ. ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರೂ ಇರುತ್ತದೆ, ಔಷಧದ ಹೆಸರೂ ಇರುತ್ತದೆ. ಕೆಲವು ಗುಳಿಗೆಗಳಲ್ಲಿ ಟ್ಯಾಮ್ಸುಲೋಸಿನ್ ಜೊತೆಗೆ ಡುಟಾಸ್ಟರೈಡ್ ಎಂಬ ಇನ್ನೊಂದು ಔಷಧವೂ ಸೇರಿರುತ್ತದೆ. ಅಜ್ಜನ ಪಟ್ಟಿಗಳನ್ನು ಓದಿ, ಹಳೆಯ ಚೀಟಿಗಳನ್ನೂ ನೋಡಿ, ಔಷಧದ ಹೆಸರು, ಯಾವಾಗ ಶುರು, ಯಾವಾಗ ನಿಂತಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕಣ್ಣಿನ ಆಸ್ಪತ್ರೆಗೆ ಹೋಗುವ ದಿನ ಆ ಹಾಳೆ ಸರ್ಜನ್ ಕೈಗೇ ಸೇರಲಿ, ಅವರು ಕೇಳದಿದ್ದರೂ ಸರಿ.