ಹತ್ತು ತಾಸಿನ ಲೆಕ್ಕ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಮೋಟಾರು ವಿದ್ಯೆಯಲ್ಲಿ ನಾನೇನೂ ಪಂಡಿತನಲ್ಲ. ಆದರೆ ವಹಿ ನೋಡುವುದು, ಸಹಿ ತಾಳೆ ಹಾಕುವುದು ನನ್ನ ಹಳೆಯ ಚಾಳಿ. ಆ ಚಾಳಿಯಿಂದ ತಿಳಿದುಕೊಂಡ ಒಂದು ವಿಷಯವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ನನ್ನ ತಮ್ಮನ ಮಗಳು ಇಚಲಕರಂಜಿಯಲ್ಲಿ ಶಿಕ್ಷಕಿ. ಒಂದು ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಾರು ಕಲಿತಳು, ಪರೀಕ್ಷೆಯಲ್ಲಿ ಪಾಸಾದಳು, ಲೈಸನ್ಸೂ ಬಂತು. ಆಮೇಲೆ ಕಬ್ಬಿನ ಹಂಗಾಮಿನಲ್ಲಿ ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು ಗಡಹಿಂಗ್ಲಜದ ನಮ್ಮ ಮನೆಗೆ ಹೊರಟಳು. ದಾರಿಯ ಒಂದು ಏರಿನಲ್ಲಿ ಮುಂದಿನ ಬಸ್ಸು ನಿಂತಿತು, ಇವಳೂ ನಿಂತಳು. ಮತ್ತೆ ಹೊರಡುವಾಗ ಕಾರು ಮುಂದೆ ಹೋಗದೆ ಹಿಂದಕ್ಕೆ ಉರುಳತೊಡಗಿತು. ಹಿಂದೆ ಕಬ್ಬು ಹೇರಿದ ಟ್ರ್ಯಾಕ್ಟರು. ಗಂಡ ಹ್ಯಾಂಡ್ ಬ್ರೇಕ್ ಎಳೆದ ಕಾರಣ ಗೇಣಿನಷ್ಟು ಅಂತರದಲ್ಲಿ ಉಳಿದುಕೊಂಡರು.

ಮನೆಗೆ ಬಂದವಳ ಕೈ ಇನ್ನೂ ನಡುಗುತ್ತಿತ್ತು. ಚಹಾ ಕುಡಿದ ಮೇಲೆ ಕೇಳಿದೆ: "ಎಷ್ಟು ದಿವಸ ಕಲಿತಿ ತಂಗಿ?"

"ಹದಿನೈದು ದಿವಸ, ದೊಡ್ಡಪ್ಪ. ದಿನಾ ಒಂದು ತಾಸು."

"ಗಾಡ್ಯಾಗ ನೀ ಒಬ್ಬಾಕೀನಽ ಇರ್ತಿದ್ದೇನು?"

"ಇಲ್ಲ, ಮೂರು ಮಂದಿ ಇರ್ತಿದ್ವಿ. ಒಬ್ಬರಾದ ಮೇಲೆ ಒಬ್ಬರು."

ಅಂದರೆ ಒಂದು ತಾಸಿನಲ್ಲಿ ಇವಳ ಪಾಲಿಗೆ 20 ನಿಮಿಷ. ಹದಿನೈದು ದಿನಕ್ಕೆ 300 ನಿಮಿಷ, ಎಂದರೆ ಐದು ತಾಸು. ನಿಯಮ ಏನು ಹೇಳುತ್ತದೆ ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸ್ವಂತ ಕಾರಿನಂಥ ವಾಹನ ಕಲಿಸುವ ಸ್ಕೂಲು ಕನಿಷ್ಠ 21 ದಿವಸ ತರಬೇತಿ ಕೊಡಬೇಕು, ಅದರಲ್ಲಿ ನಿಜವಾಗಿ ಗಾಡಿ ನಡೆಸಿದ ಹೊತ್ತು ಹತ್ತು ತಾಸಿಗೆ ಕಡಿಮೆ ಇರಬಾರದು. ನಮ್ಮ ಹುಡುಗಿಗೆ ಸಿಕ್ಕಿದ್ದು ಅರ್ಧ.

ಈ ತಾಸುಗಳನ್ನು ಬರೆದಿಡಲು ನಮೂನೆ 15 ಎಂಬ ವಹಿ ಇದೆ. ಯಾವ ತಾರೀಖು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ವಾಹನ ಎಂದು ಅದರಲ್ಲಿ ದಿನದಿನವೂ ಬರೆದು ಕಲಿಸಿದವರೂ ಕಲಿತವರೂ ಸಹಿ ಹಾಕಬೇಕು. ಇವಳಿಗೆ ಅದು ನೆನಪಿತ್ತು. "ಮೊದಲನೇ ದಿವಸಽ ಎಲ್ಲಾ ಸಾಲಿಗೂ ಸಹಿ ತಗೊಂಡ್ರು ದೊಡ್ಡಪ್ಪ" ಎಂದಳು. ಬರೆಯದ ವೋಚರಿಗೆ ಸಹಿ ಹಾಕಿದ ಹಾಗಾಯಿತು. ಕಾಗದದ ಮೇಲೆ ಹತ್ತು ತಾಸು ಭರ್ತಿ, ಕಾಲಿಗೆ ಐದೇ ತಾಸಿನ ರೂಢಿ.

ಆದ್ದರಿಂದ ಹೆಸರು ಹಚ್ಚುವ ಮೊದಲು, ಫೀ ಕಟ್ಟುವ ಮೊದಲು, ಸ್ಕೂಲಿನ ಆಫೀಸಿಗೆ ಹೋಗಿ ಹತ್ತು ನಿಮಿಷ ಕುಳಿತುಕೊಳ್ಳಿ. ಮೊದಲು ಗೋಡೆ ನೋಡಿ. ಆರ್‌ಟಿಓ ಕೊಟ್ಟ ಲೈಸನ್ಸಿನ ಮೂಲಪ್ರತಿ ಎದ್ದು ಕಾಣುವಂತೆ ತೂಗುಹಾಕಿರಬೇಕು. ಅದು ನಮೂನೆ 11ರಲ್ಲಿರುತ್ತದೆ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೂರು ಸಂಗತಿ ಓದಿಕೊಳ್ಳಿ: ಅವಧಿ ಮುಗಿದಿದೆಯೇ, ನೀವು ಕಲಿಯುವ ತರದ ವಾಹನ ಅದರಲ್ಲಿದೆಯೇ, ಬರೆದ ವಿಳಾಸ ನೀವು ಕುಳಿತಿರುವ ಜಾಗದ್ದೇ ಹೌದೇ. ಕೊಲ್ಹಾಪುರದ ವಿಳಾಸದ ಲೈಸನ್ಸಿನ ಝೆರಾಕ್ಸ್ ತೋರಿಸಿ ಗಡಹಿಂಗ್ಲಜದಲ್ಲಿ "ಇದು ನಮ್ಮ ಶಾಖೆ" ಎಂದರೆ ಅಷ್ಟಕ್ಕೇ ಒಪ್ಪಬೇಡಿ. ಅನುಮಾನ ಬಂದರೆ ಲೈಸನ್ಸಿನ ನಂಬರು ಬರೆದುಕೊಂಡು ಆರ್‌ಟಿಓ ಕಚೇರಿಯಲ್ಲಿ ಕೇಳಿ.

ಅದೇ ಗೋಡೆಯ ಮೇಲೆ ಕಲಿಸುವವರ ಹೆಸರು ವಿಳಾಸವೂ ಇರಬೇಕು. ಕಲಿಸುವವನು ನನ್ನ ಹಾಗೆ ಹತ್ತನೆಯ ಇಯತ್ತೆ ಪಾಸಾದರೆ ಸಾಕು. ಆದರೆ ನನಗಿಲ್ಲದ ಎರಡು ಅವನಿಗೆ ಬೇಕು: ಐದು ವರ್ಷ ಗಾಡಿ ನಡೆಸಿದ ಅನುಭವ, ಮತ್ತು ಸರಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯ ಮೋಟಾರು ಮೆಕ್ಯಾನಿಕ್ ಪ್ರಮಾಣಪತ್ರ. ನಾಳೆ ನಿಮ್ಮ ಪಕ್ಕದಲ್ಲಿ ಕೂರುವವನ ಹೆಸರು ಕೇಳಿಕೊಂಡು ಆ ಯಾದಿಯಲ್ಲಿ ಹುಡುಕಿ. ಯಾದಿಯಲ್ಲಿರುವುದು ಮಾಲಕನ ಹೆಸರು, ಕಲಿಸಲು ಬರುವವನು ಬೇರೆ ಹುಡುಗ, ಹೀಗೂ ಆಗುವುದುಂಟು.

ಭಾಷೆಯ ಮಾತೂ ಇದೆ. ಕಲಿಸುವವನಿಗೆ ಪ್ರಾದೇಶಿಕ ಭಾಷೆ ಅಥವಾ ಇಂಗ್ಲಿಷ್ ಬಂದರೆ ನಿಯಮಕ್ಕೆ ಸಾಕು, ಇಲ್ಲಿ ಅದು ಮರಾಠಿ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಹಿರಿಯರೋ ಹೊಸದಾಗಿ ಬಂದ ಸೊಸೆಯೋ ಕಲಿಯುವುದಾದರೆ ಕನ್ನಡ ಬಲ್ಲವನನ್ನು ಕೇಳಿ ಪಡೆಯಿರಿ. ಸಿಗದಿದ್ದರೆ ನಿಲ್ಲು, ನಿಧಾನ, ಕ್ಲಚ್ಚು ಬಿಡು ಎಂಬುದಕ್ಕೆ ಯಾವ ಮಾತು ಎಂದು ಗಾಡಿ ನಿಂತಿದ್ದಾಗಲೇ ಗೊತ್ತು ಮಾಡಿಕೊಳ್ಳಿ.

ಇನ್ನು ಗಾಡಿ. ಕಲಿಸುವವನ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇರಬೇಕು. ಇದು ಪ್ರಾಣ ಉಳಿಸುವ ಸಾಧನ. ಆದರೆ ಕಲಿಕೆ ಕೆಡುವುದೂ ಇಲ್ಲಿಯೇ. ಹೊತ್ತು ಉಳಿಸಲು ಅವನೇ ಕ್ಲಚ್ಚು ತುಳಿಯುತ್ತಾನೆ, ನಾವು ಸ್ಟೇರಿಂಗ್ ಹಿಡಿದು ಗಾಡಿ ನಡೆಸಿದೆವೆಂದು ಹಿಗ್ಗುತ್ತೇವೆ. ಇದನ್ನು ಕಂಡುಹಿಡಿಯುವುದು ಸುಲಭ. ಗೇರಿನ ಗಾಡಿಯಲ್ಲಿ ಹೊಸಬರ ಕೈಯಲ್ಲಿ ಇಂಜಿನ್ನು ಮೊದಮೊದಲು ಬಂದ್ ಬೀಳಲೇಬೇಕು. ಒಮ್ಮೆಯೂ ಬೀಳಲಿಲ್ಲವೆಂದರೆ ಕ್ಲಚ್ಚು ನಿಮ್ಮ ಕಾಲಲ್ಲಿಲ್ಲ. ನಮ್ಮ ಹುಡುಗಿಯ ಗಾಡಿ ಹದಿನೈದು ದಿವಸ ಒಮ್ಮೆಯೂ ಬಂದ್ ಬಿದ್ದಿರಲಿಲ್ಲ. ಏರಿನಲ್ಲಿ ನಿಂತು ಹೊರಡುವ ಪಾಠ ಅವಳಿಗೆ ಆಗಿರಲೇ ಇಲ್ಲ.

ಹಾಗಾಗಿ ಪಾಠದ ಬಗ್ಗೆ ಹೀಗೆ ಕೇಳಿ: ದಿನಕ್ಕೆ ಸ್ಟೇರಿಂಗ್ ನನ್ನ ಕೈಯಲ್ಲಿ ಎಷ್ಟು ನಿಮಿಷ? ಅರ್ಧ ತಾಸು ಎಂದರೆ 21 ದಿನಕ್ಕೆ ಹತ್ತೂವರೆ ತಾಸು, ಲೆಕ್ಕ ಸರಿ. "ದಿನಕ್ಕೆ ಐದು ಕಿಲೋಮೀಟರ್" ಎಂದರೆ ಲೆಕ್ಕ ಸರಿಯಲ್ಲ. ನಿಯಮ ಎಣಿಸುವುದು ತಾಸನ್ನು, ಖಾಲಿ ರಸ್ತೆಯಲ್ಲಿ ಐದು ಕಿಲೋಮೀಟರ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಏರಿನಲ್ಲಿ ಹೊರಡುವುದು, ಹಿಂದಕ್ಕೆ ಬಿಡುವುದು, ಗಾಡಿ ನಿಲ್ಲಿಸುವುದು ಯಾವ ಯಾವ ದಿವಸ ಎಂದೂ ಕೇಳಿ. ಚಿಹ್ನೆಗಳು, ರಸ್ತೆಯ ನಿಯಮ, ಪ್ರಥಮ ಚಿಕಿತ್ಸೆ ಇವೂ ಪಾಠಕ್ರಮದಲ್ಲಿವೆ. ಅವನ್ನು ಬೆಂಚಿನ ಮೇಲೆ ಕೂರಿಸಿ ಹೇಳಬೇಕು, ಆ ಹೊತ್ತನ್ನು ಹತ್ತು ತಾಸಿನಲ್ಲಿ ಸೇರಿಸುವಂತಿಲ್ಲ.

ಕಡೆಯದಾಗಿ, "ನಮ್ಮಲ್ಲಿ ಕಲಿತರೆ ಆರ್‌ಟಿಓ ಪರೀಕ್ಷೆ ಇಲ್ಲ" ಎಂಬ ಮಾತು. 2021ರ ಜುಲೈಯಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳೆಂಬ ಬೇರೆ ವ್ಯವಸ್ಥೆ ಬಂದಿದೆ. ಅಲ್ಲಿ ಕಾರಿನ ಪಾಠವೇ 29 ತಾಸು, ಅದರಲ್ಲಿ 21 ತಾಸು ಪ್ರಾತ್ಯಕ್ಷಿಕ. ಪರೀಕ್ಷೆಯ ವಿನಾಯಿತಿ ಇರುವುದು ಆ ಕೇಂದ್ರದ ನಮೂನೆ 5ಬಿ ಪ್ರಮಾಣಪತ್ರಕ್ಕೆ. ನಮ್ಮ ಓಣಿಯ ಸಾದಾ ಸ್ಕೂಲು ಕೊಡುವುದು ನಮೂನೆ 5. ಅದು ಕೈಯಲ್ಲಿದ್ದರೂ ಪರೀಕ್ಷೆ ತಪ್ಪದು. 2024ರ ಜೂನಿನಲ್ಲಿ ಈ ಬಗ್ಗೆ ಗೊಂದಲ ಹಬ್ಬಿದಾಗ ಕೇಂದ್ರ ಸಾರಿಗೆ ಸಚಿವಾಲಯವೇ ಇದನ್ನು ಸ್ಪಷ್ಟಪಡಿಸಿತು.

ನಮ್ಮ ಹುಡುಗಿ ಆಮೇಲೆ ಇನ್ನೊಂದು ಸ್ಕೂಲಿಗೆ ಹೋದಳು. ಈ ಸಲ ರಸೀದಿಯ ಮೇಲೆ "21 ದಿವಸ, ದಿನಕ್ಕೆ 30 ನಿಮಿಷ" ಎಂದು ಬರೆಸಿಕೊಂಡಳು. ದಿನಾ ಗಾಡಿಯಿಂದ ಇಳಿದ ಮೇಲೆ ವಹಿಯ ಒಂದೇ ಸಾಲಿಗೆ ಸಹಿ ಹಾಕಿದಳು. ಮೊದಲನೆಯ ದಿವಸವೇ ಇಂಜಿನ್ನು ಏಳು ಸಲ ಬಂದ್ ಬಿತ್ತಂತೆ. ಫೋನಿನಲ್ಲಿ ಅದನ್ನು ನಾಚಿಕೊಂಡು ಹೇಳಿದಳು, ನನಗಂತೂ ಕೇಳಿ ಸಮಾಧಾನವಾಯಿತು.